ಕಾರ್ಟೆಲ್, ಮಾರುಕಟ್ಟೆ ಬಲದ ದುರ್ಬಳಕೆ: ಎರಡಕ್ಕೂ "ಏಕಸ್ವಾಮ್ಯ" ಸಾಕೇ?

ಕೇಳಿದವರು:
ಸ್ಪರ್ಧಾ ಕಾಯ್ದೆಯ ಬಗ್ಗೆ ರೈತರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕಾರ್ಟೆಲ್ ಮತ್ತು ಮಾರುಕಟ್ಟೆ ಬಲದ ದುರ್ಬಳಕೆ, ಎರಡನ್ನೂ "ಏಕಸ್ವಾಮ್ಯ" ಅಂತ ಬರೆದರೆ ಆಗುತ್ತಾ?

ಕನ್ನಡ ಮೇಷ್ಟ್ರು:
ಧಾರಾಳವಾಗಿ ಬರೆಯಿರಿ. ಮಾರುಕಟ್ಟೆಯೆಲ್ಲ ಒಬ್ಬನ ಕೈಗೆ ಹೋಗುವುದೇ ಕಾನೂನಿನ ಪ್ರಕಾರ ತಪ್ಪು. ಐದು ಜನ ಸೇರಿ ಒಬ್ಬನ ಹಾಗೆ ನಡೆದುಕೊಂಡರೂ ರೈತನಿಗೆ ಆಗುವ ಪೆಟ್ಟು ಒಂದೇ ಅಲ್ವಾ?

ವಕೀಲರು:
ಪೆಟ್ಟು ಒಂದೇ ಅನ್ನುವುದು ನಿಜ. ಆದರೆ ದೊಡ್ಡವನಾಗಿರುವುದು 2002ರ ಕಾಯ್ದೆಯಲ್ಲಿ ತಪ್ಪಲ್ಲ.

ಒಣಮೆಣಸಿನಕಾಯಿ ಇಡಲು ಸುತ್ತಮುತ್ತ ಒಂದೇ ಕೋಲ್ಡ್ ಸ್ಟೋರೇಜ್ ಇದೆ ಅಂದುಕೊಳ್ಳಿ. ಅದು ಚೆನ್ನಾಗಿ ನಡೆಯುತ್ತಿದ್ದರೆ ಯಾರ ತಕರಾರೂ ಇಲ್ಲ. "ಚೀಲವನ್ನೂ ನನ್ನ ಹತ್ತಿರವೇ ಕೊಳ್ಳಬೇಕು, ಇಲ್ಲದಿದ್ದರೆ ಜಾಗ ಕೊಡಲ್ಲ" ಎಂದು ಮಾಲೀಕ ಪಟ್ಟು ಹಿಡಿದಾಗ 4ನೇ ಸೆಕ್ಷನ್ ಬರುತ್ತದೆ. ಆಗಲೂ ಮೊದಲ ಪ್ರಶ್ನೆ, ರೈತ ಬೇರೆಲ್ಲಿಗೆ ಹೋಗಬಹುದಿತ್ತು ಅನ್ನುವುದು. ಹತ್ತಿರದಲ್ಲೇ ಇನ್ನೆರಡು ಸ್ಟೋರೇಜ್ ಇದ್ದರೆ ದೂರು ಬಿದ್ದುಹೋಗಬಹುದು.

ಕಾರ್ಟೆಲ್‌ಗೆ ದೊಡ್ಡವರೇ ಬೇಕಿಲ್ಲ. ಟೊಮೆಟೊ ಹರಾಜಿಗೆ ಐದು ಜನ ಸಣ್ಣ ಖರೀದಿದಾರರು ಬರುತ್ತಾರೆ. ಬಾಕ್ಸಿಗೆ 300 ರೂಪಾಯಿ ಕೊಡಬಹುದಾದ ಮಾಲು. 220ರ ಮೇಲೆ ಯಾರೂ ಕೂಗಬಾರದು, ಇವತ್ತು ನಿನಗೆ, ನಾಳೆ ನನಗೆ ಎಂದು ಬೆಳಿಗ್ಗೆಯೇ ಮಾತಾಡಿಕೊಂಡಿರುತ್ತಾರೆ. ಹರಾಜು ನಡೆಯುತ್ತದೆ, ಪೈಪೋಟಿ ಇಲ್ಲ. ಇದು 3ನೇ ಸೆಕ್ಷನ್. ಮಾತಾಡಿಕೊಂಡದ್ದು ಸಾಬೀತಾದರೆ ಪೈಪೋಟಿಗೆ ಧಕ್ಕೆಯಾಗಿದೆ ಎಂದೇ ಕಾನೂನು ಹಿಡಿಯುತ್ತದೆ. ಆಗಿಲ್ಲ ಎಂದು ತೋರಿಸುವುದು ಅವರ ಹೊಣೆ.

ಹೋಟೆಲ್ ಮಾಲೀಕರೊಬ್ಬರು:
ಹಾಲಿನ ರೇಟು ಏರಿದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಒಂದೇ ವಾರದಲ್ಲಿ ಕಾಫಿಗೆ 2 ರೂಪಾಯಿ ಏರಿಸಿದೆವು. ನಾವೂ ಕಾರ್ಟೆಲ್ಲಾ?

ವಕೀಲರು:
ಒಬ್ಬರನ್ನು ನೋಡಿ ಇನ್ನೊಬ್ಬರು ಏರಿಸಿದ್ದರೆ ಅಲ್ಲ. ಖರ್ಚು ಎಲ್ಲರಿಗೂ ಒಟ್ಟಿಗೇ ಏರಿದೆ. ಸಂಘದ ಮೀಟಿಂಗ್‌ನಲ್ಲಿ "ಇಷ್ಟಕ್ಕೆ ಏರಿಸೋಣ" ಎಂದು ತೀರ್ಮಾನಿಸಿದ್ದರೆ ಮಾತ್ರ ಕಷ್ಟ. 2012ರಲ್ಲಿ ಸ್ಪರ್ಧಾ ಆಯೋಗ 11 ಸಿಮೆಂಟ್ ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿದಾಗ ಅವರ ಸಂಘದ ಸಭೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆ ಜಗಳ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಎಳೆಯಿತು. ಒಳಗಿನವರೇ ಬಾಯಿ ಬಿಡದಿದ್ದರೆ ಸಾಬೀತು ಮಾಡುವುದು ಬಲು ಕಷ್ಟ. ಅದಕ್ಕೇ ಮೊದಲು ಬಂದು ಪೂರ್ತಿ ಮಾಹಿತಿ ಕೊಟ್ಟವರಿಗೆ ದಂಡ ಪೂರಾ ಮನ್ನಾ ಆಗಲೂಬಹುದು.

ಕೇಳಿದವರು:
ಹಾಗಾದರೆ ಎರಡು ಪದ ಬೇಕೇ ಬೇಕು. "ಬಲದ ದುರ್ಬಳಕೆ" ಇಟ್ಟುಕೊಳ್ಳುತ್ತೇನೆ. ಕಾರ್ಟೆಲ್‌ಗೆ "ಬೆಲೆಕೂಟ" ಹೇಗೆ?

ಮೇಷ್ಟ್ರು:
ಕೂಟ ಅಂದರೆ ಜನ ಮಿತ್ರಕೂಟ, ಊಟದ ಕೂಟ ಅಂದುಕೊಳ್ಳುತ್ತಾರೆ. "ಒಳಒಪ್ಪಂದ" ಅನ್ನಿ, ಮಂಡಿಯಲ್ಲಿ ಯಾರಿಗಾದರೂ ತಿಳಿಯುತ್ತೆ.

ವಕೀಲರು:
ಒಳಒಪ್ಪಂದ ಇಬ್ಬರ ನಡುವೆ ಯಾವುದಕ್ಕೆ ಬೇಕಾದರೂ ಆಗುತ್ತೆ. ಪೈಪೋಟಿ ಮಾಡಬೇಕಾದವರೇ ಕೈ ಜೋಡಿಸಿದ್ದಾರೆ ಅನ್ನುವುದು ಅದರಲ್ಲಿ ಬರಲ್ಲ. ನಾನಾದರೆ ಕಾರ್ಟೆಲ್ ಅಂತಲೇ ಬಿಡುತ್ತೇನೆ.