ಸಹಾಯ ಬೇಕು: ಗೃಹಪ್ರವೇಶಕ್ಕೆ ಪುರೋಹಿತರು, ಮೈಸೂರು ಕುವೆಂಪುನಗರ

ನಮಸ್ಕಾರ. ಮುಂದಿನ ತಿಂಗಳು ಒಂದು ಭಾನುವಾರ ನಮ್ಮ ಫ್ಲಾಟಿನ ಗೃಹಪ್ರವೇಶ. ಬೆಳಿಗ್ಗೆ ಗಣಹೋಮ, ವಾಸ್ತುಹೋಮ. ಸಂಜೆ ಸತ್ಯನಾರಾಯಣ ಪೂಜೆ. ನಾವು ಸ್ಮಾರ್ತರು, ಯಜುರ್ವೇದದವರು.

ವಿಚಾರಿಸಿದ ಒಬ್ಬ ಪುರೋಹಿತರು ಸಾಮಗ್ರಿ ಸೇರಿಸಿ ಒಟ್ಟು ಮೊತ್ತ ಹೇಳಿದರು. ಕೆದಕಿ ಕೇಳಿದರೆ ಹೂವು, ಹಣ್ಣು, ಕಲಶದ ವಸ್ತ್ರ, ಜೊತೆಗೆ ಬರುವ ಇಬ್ಬರ ದಕ್ಷಿಣೆ ಎಲ್ಲ ಬೇರೆಯಂತೆ! ಇದನ್ನೆಲ್ಲ ಮೊದಲೇ ಬರೆಸಿಕೊಂಡರೆ ತಪ್ಪು ತಿಳಿಯುತ್ತಾರಾ? ಪಟ್ಟಿಯಲ್ಲಿ ತುಪ್ಪ, ಸಮಿತ್ತು ಅಂತಷ್ಟೇ ಇದೆ, ಎಷ್ಟು ಅಂತ ಇಲ್ಲ. ಎರಡು ಹೋಮಕ್ಕೆ ಒಂದು ಕೆಜಿ ತುಪ್ಪ ಸಾಕಾ?

ಮಂತ್ರ ಸಂಸ್ಕೃತದಲ್ಲೇ ಇರಲಿ. ಆದರೆ ಸಂಕಲ್ಪದ ಅರ್ಥ, ಸತ್ಯನಾರಾಯಣ ಕಥೆ ಕನ್ನಡದಲ್ಲಿ ಹೇಳಬೇಕು, ಅತ್ತೆಗೆ ಅದೇ ಮುಖ್ಯ. ಭಾನುವಾರ 4.30ರಿಂದ 6ರವರೆಗೆ ರಾಹುಕಾಲ, ಆಮೇಲೆಯೇ ಪೂಜೆ. ಅದೇ ದಿನ ಇನ್ನೊಂದು ಮನೆ ಒಪ್ಪಿಕೊಳ್ಳದವರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.