ಕ್ರಿಯಾಟಿನ್ ಕೈನೇಸ್ ತೆಗೆದುಹಾಕಿದರೂ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ, ಎಲ್ಲಿ ತಪ್ಪಿದೆ?

ತದಡಿ ಮಾಸ್ತರ, ಕುಮಟಾ

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ತರಗತಿಗೆ ಜೀವಶಾಸ್ತ್ರ ಹೇಳುವವನು ನಾನು. ಕಾರವಾರದ ಕಡೆಯಿಂದ ಬರುವ ಹುಡುಗನೊಬ್ಬ, ಅವನ ಮನೆಯವರು ರಂಪಣಿ ಬಲೆ ಎಳೆಯುವವರು, ಮೊನ್ನೆ ಹೀಗೆ ಕೇಳಿದ: ಫಾಸ್ಫೋಕ್ರಿಯಾಟಿನ್ ಎಂಬುದು ಕೆಲವೇ ಸೆಕೆಂಡುಗಳಲ್ಲಿ ಕರಗುವ ದಾಸ್ತಾನಾದರೆ, ಅಷ್ಟು ಹೊತ್ತು ಹಗ್ಗ ಎಳೆಯುವವರ ತೋಳಿನಲ್ಲಿ ಅದಕ್ಕೆ ಮುಂದೇನು ಕೆಲಸ? ಅದು ಮೈಟೋಕಾಂಡ್ರಿಯದಿಂದ ಸ್ನಾಯುತಂತುವಿನ ಒಳಗಿನವರೆಗೆ ಶಕ್ತಿಯನ್ನು ಸಾಗಿಸುತ್ತದೆ ಎಂದು ಹೇಳಿದೆ. ಆದರೆ ಅದನ್ನು ಲೆಕ್ಕದಲ್ಲಿ ತೋರಿಸಲು ಹೋದಾಗ ಸೋತೆ.

ಅಂಚಿನಲ್ಲಿ ಮಾತ್ರ ಮೈಟೋಕಾಂಡ್ರಿಯ ಇರುವ ಒಂದು ದುಂಡನೆಯ ಕಂತೆಯನ್ನು ಊಹಿಸಿಕೊಂಡೆ. ಫಾಸ್ಫೋಕ್ರಿಯಾಟಿನ್‌ನ ಫಾಸ್ಫೇಟನ್ನು ಎಡಿಪಿಗೆ ದಾಟಿಸುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವೇ ಇಲ್ಲದಿದ್ದರೆ, ಎಟಿಪಿ ಒಡೆದು ಉಳಿಯುವ ಎಡಿಪಿ ತಾನಾಗಿಯೇ ನಡುಭಾಗದಿಂದ ಅಂಚಿಗೆ ವಿಸರಣೆಯಿಂದ ಮರಳಬೇಕು, ಹಾಗಾಗಿ ನಡುವೆ ಅದು ಎಷ್ಟು ಏರುತ್ತದೆ ಎಂದು ನೋಡಿದೆ.

```python
M = 1.0     # mM/s, ಎಟಿಪಿ ಖರ್ಚಿನ ವೇಗ
D = 150.0   # um^2/s, ಎಡಿಪಿಯ ವಿಸರಣಾಂಕ
R = 5.0     # um, ಕಂತೆಯ ತ್ರಿಜ್ಯ
ADP = 0.80  # mM
d = M*R**2/(4*D)
print(d, d/ADP)
```

ಉತ್ತರ 0.042 ಮಿಲಿಮೋಲಾರ್, ಅಂದರೆ ಇದ್ದುದರ ಮೇಲೆ ಶೇಕಡಾ 5 ಮಾತ್ರ. ಇಷ್ಟಕ್ಕೆ ಬೇರೆ ಸಾಗಣೆ ವ್ಯವಸ್ಥೆ ಏಕೆ ಬೇಕು?

ತೋಟದಮನೆ, ಶಿರಸಿ

ಮಾಸ್ತರರೇ, ನೀವು ವೇಗವನ್ನು ಮರೆತಿದ್ದೀರಿ ಎಂದು ನನಗೆ ತೋರುತ್ತದೆ. ಫಾಸ್ಫೋಕ್ರಿಯಾಟಿನ್ ಅಣುವು ಎಟಿಪಿಗಿಂತ ಚಿಕ್ಕದು, ಆದ್ದರಿಂದ ಬೇಗ ಸಾಗುತ್ತದೆ. ದೊಡ್ಡ ಲಾರಿ ಘಟ್ಟದಲ್ಲಿ ಸಿಕ್ಕಿಕೊಂಡಾಗ ಬೈಕು ಸಂದಿಯಲ್ಲಿ ನುಸುಳಿ ಹೋಗುವ ಹಾಗೆ. ಇಡೀ ವ್ಯವಸ್ಥೆಯ ಗುಟ್ಟು ಅಷ್ಟೇ ಎಂದುಕೊಂಡಿದ್ದೇನೆ.

ಅಘನಾಶಿನಿ ತೀರ

ತೋಟದಮನೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಅದು ಬೇಗ ಸಾಗುತ್ತದೆ ನಿಜ, ಆದರೆ ಸ್ನಾಯುವಿನೊಳಗೆ ಆ ವ್ಯತ್ಯಾಸ ಎರಡು ಪಟ್ಟನ್ನೂ ಮುಟ್ಟುವುದಿಲ್ಲ, ಹಾಗಾಗಿ ಗುಟ್ಟು ಅಲ್ಲಿಲ್ಲ. ಮಾಸ್ತರರ ತಪ್ಪು ನಾಲ್ಕನೆಯ ಸಾಲಿನಲ್ಲಿದೆ. ಆ 0.80 ಎಂಬುದು ಸ್ನಾಯುವನ್ನು ಆಮ್ಲದಲ್ಲಿ ಅರೆದು ಅಳೆದಾಗ ಸಿಗುವ ಒಟ್ಟು ಎಡಿಪಿ. ಅದರ ಬಹುಪಾಲು ಆಕ್ಟಿನ್‌ಗೆ ಅಂಟಿಕೊಂಡಿರುತ್ತದೆ, ಎಲ್ಲಿಗೂ ಓಡಾಡುವುದಿಲ್ಲ. ಓಡಾಡುವ ಎಡಿಪಿಯನ್ನು ನೇರವಾಗಿ ಅಳೆಯಲು ಬರುವುದಿಲ್ಲವಾದ್ದರಿಂದ ಕ್ರಿಯಾಟಿನ್ ಕೈನೇಸ್‌ನ ಸಮತೋಲನದಿಂದಲೇ ಅದನ್ನು ಹಿಂದಕ್ಕೆ ಲೆಕ್ಕ ಹಾಕಬೇಕಾಗುತ್ತದೆ. ಸಮತೋಲನಾಂಕ ಸುಮಾರು 166 ಎಂದು ಹಿಡಿಯಿರಿ. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಎಟಿಪಿ 8, ಫಾಸ್ಫೋಕ್ರಿಯಾಟಿನ್ 30, ಕ್ರಿಯಾಟಿನ್ 10 ಮಿಲಿಮೋಲಾರ್ ಎಂದುಕೊಂಡರೆ 8×10÷(166×30), ಅಂದರೆ 0.016. ಹದಿನಾರು ಮೈಕ್ರೋಮೋಲಾರ್ ಅಷ್ಟೇ.

ನಿಮ್ಮ 42 ಮೈಕ್ರೋಮೋಲಾರ್ ಏರಿಕೆಯನ್ನು ಈ 16ರ ಪಕ್ಕದಲ್ಲಿ ಇಟ್ಟು ನೋಡಿ. ನಡುಭಾಗದಲ್ಲಿ ಎಡಿಪಿ 16ರಿಂದ 58ಕ್ಕೆ ಹೋಗುತ್ತದೆ, ಅಲ್ಲಿ ಎಟಿಪಿಯ ಪ್ರತಿ ಮೋಲ್ ಒಡೆದಾಗ ಸಿಗುವ ಶಕ್ತಿ ಸುಮಾರು 3.3 ಕಿಲೋಜೂಲ್ ಇಳಿಯುತ್ತದೆ. ಎಟಿಪಿ ಮಾತ್ರ ಅಲ್ಲಿ ಧಾರಾಳವಾಗಿಯೇ ಇರುತ್ತದೆ. ಬೈತಖೋಲ್ ಬಂದರಿನಲ್ಲಿ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುವಾಗ ತುಂಬಿದ ಬುಟ್ಟಿಗೆ ಬರವಿಲ್ಲದಿದ್ದರೂ ಖಾಲಿ ಬುಟ್ಟಿ ದೋಣಿಗೆ ಮರಳದೆ ಕೆಲಸ ನಿಲ್ಲುತ್ತದಲ್ಲ, ಇಲ್ಲಿಯೂ ತೊಡಕು ಮರಳುವ ದಾರಿಯದು. ಎಡಿಪಿ ಅಷ್ಟು ತೆಳುವಾಗಿರುವಾಗ ಅದು ಹೊರಬಲ್ಲ ಭಾರವೂ ಅಷ್ಟೇ ಕಡಿಮೆ.

ಈಗ ಕಿಣ್ವವನ್ನು ಮರಳಿ ಸೇರಿಸಿ. ಸ್ನಾಯುತಂತುವಿನ ಎಂ-ರೇಖೆಯ ಬಳಿ ಕುಳಿತ ಕಿಣ್ವವು ಅಲ್ಲಿ ಹುಟ್ಟಿದ ಎಡಿಪಿಯನ್ನು ಅಲ್ಲಿಯೇ ಎಟಿಪಿಯಾಗಿ ತಿರುಗಿಸುತ್ತದೆ. ಬದಲಿಗೆ ಕ್ರಿಯಾಟಿನ್ ಹೊರಗೆ ಬೀಳುತ್ತದೆ, ಅಂಚಿಗೆ ಮರಳುವ ಖಾಲಿ ಬುಟ್ಟಿ ಅದೇ. ಅದೇ ಹೊರೆಗೆ ಅದಕ್ಕೆ 24 ಮೈಕ್ರೋಮೋಲಾರ್ ಇಳಿಜಾರು ಸಾಕು, ಕ್ರಿಯಾಟಿನ್ ಮಿಲಿಮೋಲಾರ್ ಲೆಕ್ಕದಲ್ಲಿ ಇರುವುದರಿಂದ 10 ಮಿಲಿಮೋಲಾರ್ ಮುಂದೆ ಆ ಇಳಿಜಾರು ಲೆಕ್ಕಕ್ಕೇ ಇಲ್ಲ. ನಡುಭಾಗದ ಎಡಿಪಿ ಆಗ 16ರಿಂದ 16.05ಕ್ಕೆ ಹೋಗುತ್ತದೆ. ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದು. ದಾಸ್ತಾನು ಅರ್ಧ ಖಾಲಿಯಾದ ಮೇಲೂ ಉಳಿದ ಅರ್ಧವು ಸಾಗಣೆಯ ದಾರಿಯಾಗಿ ಪ್ರತಿ ಸೆಕೆಂಡೂ ದುಡಿಯುತ್ತಲೇ ಇರುತ್ತದೆ.

ಓಟಗಾರ, ಕಾರವಾರ

ಇದೇ ವಿಷಯ ನಡೆಯುತ್ತಿರುವುದರಿಂದ ಕೇಳುತ್ತಿದ್ದೇನೆ. ಕಳೆದ ಭಾನುವಾರ ದೇವಿಮನೆ ಘಟ್ಟವನ್ನು ಮೇಲಿನಿಂದ ಕೆಳಕ್ಕೆ ಓಡಿ ಇಳಿದೆವು. ಎರಡು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಸಿಪಿಕೆ, ಅಂದರೆ ಇದೇ ಕ್ರಿಯಾಟಿನ್ ಕೈನೇಸ್, 1,240 ಬಂದಿದೆ. ನನ್ನಲ್ಲಿ ಈ ಸಾಗಣೆ ಬಹಳ ಚುರುಕಾಗಿದೆ ಎಂದು ಅರ್ಥವೇ? ಡಬ್ಬಿಯ ಕ್ರಿಯಾಟಿನ್ ಪುಡಿಯನ್ನು ನಿಲ್ಲಿಸಬೇಕೇ?

ಅಘನಾಶಿನಿ ತೀರ

ಇಲ್ಲ, ಅದು ಬೇರೆಯೇ ಕಥೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ತಡೆಯುತ್ತದೆ, ಅದರಿಂದ ತಂತುಗಳ ಪೊರೆ ಹರಿದು ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ಆ ಅಂಕಿ ಸೋರಿಕೆಯನ್ನು ಹೇಳುತ್ತದೆಯೇ ಹೊರತು ತಂತುವಿನೊಳಗಿನ ಸಾಗಣೆಯನ್ನಲ್ಲ, ಪುಡಿಗೂ ಅದಕ್ಕೂ ಸಂಬಂಧ ಹುಡುಕಬೇಡಿ. ಒಂದು ವಾರ ವಿಶ್ರಾಂತಿ ಕೊಟ್ಟು ಮತ್ತೆ ನೋಡಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯದೆ ವೈದ್ಯರ ಬಳಿ ಹೋಗಿ.

ತದಡಿ ಮಾಸ್ತರ, ಕುಮಟಾ

ತಿದ್ದಿದೆ ಮೇಡಂ, ಈಗ ಚಿತ್ರ ಬದಲಾಯಿತು. ಆದರೆ ಒಂದು ಸಂಶಯ ಉಳಿದಿದೆ. ಸೆಕೆಂಡಿಗೆ 1 ಮಿಲಿಮೋಲಾರ್ ಎಂಬುದು ಜೋರಾಗಿ ದುಡಿಯುವ ಸ್ನಾಯುವಿನ ಖರ್ಚು, 16 ಎಂಬುದೋ ವಿಶ್ರಾಂತಿಯ ಎಡಿಪಿ. ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಬಹುದೇ? ಮತ್ತೆ R ಅನ್ನು 1 ಮಾಡಿದರೆ ಏರಿಕೆ 1.7 ಮೈಕ್ರೋಮೋಲಾರ್‌ಗೆ ಕುಸಿದು ಎಲ್ಲವೂ ಮಾಯವಾಗುತ್ತದೆ.

ಅಘನಾಶಿನಿ ತೀರ

ಎರಡೂ ಸರಿಯಾದ ಆಕ್ಷೇಪಗಳೇ, ಮೊದಲನೆಯದನ್ನು ನಾನೇ ಹೇಳಬೇಕಿತ್ತು. ದುಡಿಯುವ ಸ್ನಾಯುವಿಗೆ ಫಾಸ್ಫೋಕ್ರಿಯಾಟಿನ್ 15, ಕ್ರಿಯಾಟಿನ್ 25 ಎಂದು ಹಾಕಿದರೆ ಎಡಿಪಿ ಸುಮಾರು 80 ಆಗುತ್ತದೆ. ಆಗ ಕಿಣ್ವವಿಲ್ಲದಿದ್ದರೆ 80ರಿಂದ 122ಕ್ಕೆ ಏರುತ್ತದೆ, ನಷ್ಟ 3.3 ಅಲ್ಲ, ಸುಮಾರು 1.1 ಕಿಲೋಜೂಲ್. ಕಿಣ್ವವಿದ್ದರೆ 80.2. ವ್ಯತ್ಯಾಸ ಉಳಿಯುತ್ತದೆ, ಆದರೆ ಮೊದಲಿನಷ್ಟು ನಾಟಕೀಯವಾಗಿ ಅಲ್ಲ.

ದೂರದ ಮಾತಿಗೆ ಬಂದರೆ, ಏರಿಕೆ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಮೈಟೋಕಾಂಡ್ರಿಯ ಒತ್ತೊತ್ತಾಗಿರುವ ಹೃದಯದಲ್ಲಿ ಬರೀ ವಿಸರಣೆಯ ವಾದ ಸೊರಗುತ್ತದೆ. 1993ರಲ್ಲಿ ಸ್ನಾಯುವಿನ ಈ ಕಿಣ್ವವಿಲ್ಲದ ಇಲಿಗಳನ್ನು ವರದಿ ಮಾಡಿದರು. ಅವು ಬದುಕಿದವು, ಥಟ್ಟನೆ ಬಲ ತೋರುವ ಶಕ್ತಿಯನ್ನು ಮಾತ್ರ ಕಳೆದುಕೊಂಡವು, ಮತ್ತು ಅವುಗಳ ವೇಗದ ತಂತುಗಳ ನಡುವೆ ಮೈಟೋಕಾಂಡ್ರಿಯ ಹೆಚ್ಚಾದವು. ನಿಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಆ ಇಲಿಗಳು R ಅನ್ನು ಕಡಿಮೆ ಮಾಡಿಕೊಂಡವು.

ಆದರೆ ಎಡಿಪಿಯನ್ನು ತಡೆಯುವ ಮೈಟೋಕಾಂಡ್ರಿಯದ ಹೊರಪೊರೆಯೇ ನಿಮ್ಮ ಕೋಡ್‌ನಲ್ಲಿ ಇಲ್ಲ. ನಾನು ಹಿಂದೆ ಇಲಿಯ ಸೋಲಿಯಸ್ ಸ್ನಾಯುವಿನ ತಂತುಗಳನ್ನು ಸಪೋನಿನ್ ಹಾಕಿ ತೂತು ಮಾಡಿ ಆಮ್ಲಜನಕದ ಬಳಕೆ ಅಳೆಯುತ್ತಿದ್ದೆ. ಉಸಿರಾಟ ಗರಿಷ್ಠ ಮಟ್ಟದ ಅರ್ಧಕ್ಕೆ ಏರಲು 300 ಮೈಕ್ರೋಮೋಲಾರ್ ಆಸುಪಾಸಿನಷ್ಟು ಎಡಿಪಿ ಸುರಿಯಬೇಕಿತ್ತು, ಅದೇ ಪಾತ್ರೆಗೆ ಕ್ರಿಯಾಟಿನ್ ಬೆರೆಸಿದರೆ ಅದರ ಮೂರನೆಯ ಒಂದು ಭಾಗ ಸಾಕಾಗುತ್ತಿತ್ತು. ಎರಡು ಪೊರೆಗಳ ನಡುವೆ ಕುಳಿತ ಕಿಣ್ವವು ಹೊರಬರುವ ಎಟಿಪಿಯನ್ನು ಅಲ್ಲಿಯೇ ಹಿಡಿದು, ಹುಟ್ಟಿದ ಎಡಿಪಿಯನ್ನು ಮರಳಿ ಒಳಕ್ಕೇ ತಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ತೋಟದಮನೆ, ಶಿರಸಿ

ಹಾಗಾದರೆ ಬೈಕಿನ ಮಾತು ಹಿಂದಕ್ಕೆ ಪಡೆದೆ. ಆದರೆ ಮೈಟೋಕಾಂಡ್ರಿಯಗಳೇ ಒಂದಕ್ಕೊಂದು ಬೆಸೆದು ಜಾಲವಾಗಿ, ತಂತಿಯ ಹಾಗೆ ಪೊರೆಯ ವಿಭವವನ್ನು ಒಳಕ್ಕೆ ಒಯ್ಯುತ್ತವೆ ಎಂದು 2015ರಲ್ಲಿ ಒಂದು ಪ್ರಬಂಧ ಬಂದಿತ್ತಲ್ಲ? ಅದು ಸರಿಯಾದರೆ ಬುಟ್ಟಿ ಸಾಗಿಸುವುದೇ ಬೇಡವಲ್ಲ.

ಅಘನಾಶಿನಿ ತೀರ

ಬೇಡವೆಂದು ನಾನು ಹೇಳಲಾರೆ. ಜಾಲವು ದೂರದ ಹಾದಿಯನ್ನು ಮೊಟಕುಗೊಳಿಸುತ್ತದೆ, ಜಾಲದ ತುದಿಯಿಂದ ತಂತುವಿನವರೆಗೆ ಉಳಿಯುವ ಕೊನೆಯ ಮೈಕ್ರೋಮೀಟರನ್ನು ಯಾರು ಎಷ್ಟು ಹೊರುತ್ತಾರೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಮಾಸ್ತರರೇ, ಹೊರಪೊರೆಯ ತಡೆಯನ್ನು ಒಂದು ಸಾಲಾಗಿ ಸೇರಿಸಿ, R ಅನ್ನು 1ಕ್ಕೇ ಇಟ್ಟು ಮತ್ತೆ ಓಡಿಸಿ.

ತದಡಿ ಮಾಸ್ತರ, ಕುಮಟಾ

ಸೇರಿಸುತ್ತಿದ್ದೇನೆ. ಅಂಚಿನ ಎಡಿಪಿ ಈಗ ಮೊದಲಿನಂತೆ ಸ್ಥಿರವಾಗಿ ನಿಲ್ಲುತ್ತಿಲ್ಲ, ಅದನ್ನೂ ಬಿಡಿಸಿಕೊಳ್ಳಬೇಕಾಗಿದೆ. ಫಲಿತಾಂಶ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ.