‘ಆಫ್‌ಲೋಡ್’ ಎನ್ನಲು ‘ಹೊರೆ ಇಳಿಸು’ ಸಾಕೇ? ನೆಟ್‌ವರ್ಕ್ ಕಾರ್ಡಿನ ಎರಡು ಸೆಟ್ಟಿಂಗುಗಳ ಬಗ್ಗೆ ಒಂದು ಪದಚರ್ಚೆ

ಪ್ರಶ್ನೆ

ಮಾನ್ಯ ಸದಸ್ಯರೇ,

ನಾನು ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಕಂಪ್ಯೂಟರುಗಳನ್ನೂ ಅವುಗಳ ನೆಟ್‌ವರ್ಕನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಪುಟವಿನ್ಯಾಸ ವಿಭಾಗದವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದು, ಎರಡು ಹೆಸರುಗಳ ಬಳಿ ಬಂದು ನಿಂತಿದ್ದೇನೆ. ವಿಂಡೋಸ್‌ನಲ್ಲಿ ಕಾರ್ಡಿನ ಸೆಟ್ಟಿಂಗುಗಳನ್ನು ತೆರೆದರೆ `TCP Checksum Offload (IPv4)` ಎಂದೂ `Large Send Offload V2 (IPv4)` ಎಂದೂ ಎರಡು ಸಾಲುಗಳು ಕಾಣುತ್ತವೆ. ಇವೆರಡಕ್ಕೂ ಸಮಾನವಾದ ‘ಆಫ್‌ಲೋಡ್’ ಎಂಬುದನ್ನು, ಅಂದರೆ ಸಿಪಿಯು ಮಾಡಬೇಕಾದ ಕೆಲಸವನ್ನು ಕಾರ್ಡೇ ಮಾಡುವುದನ್ನು, ನಾನು ‘ಹೊರೆ ಇಳಿಸುವಿಕೆ’ ಎಂದು ಬರೆದಿದ್ದೆ. ಕರಡು ತಿದ್ದುವ ಹಿರಿಯರು ಅದನ್ನು ಓದಿ, “ಇಳಿಸಿದ ಹೊರೆ ಎಲ್ಲಿಗೆ ಹೋಯಿತು?” ಎಂದು ಕೇಳಿದರು. ನನ್ನ ಪದದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಈ ಪದಗಳು ಬೇಕಾದ ಸಂದರ್ಭವನ್ನೂ ಹೇಳುತ್ತೇನೆ. ನಮ್ಮ ಸರ್ವರ್ ಲಿನಕ್ಸ್‌ನಲ್ಲಿದೆ, ವಿನ್ಯಾಸದ ಯಂತ್ರಗಳು ವಿಂಡೋಸ್‌ನಲ್ಲಿವೆ, ನಡುವೆ ಇರುವುದು 1 ಗಿಗಾಬಿಟ್ ಸ್ವಿಚ್. 2 ಗಿಗಾಬೈಟಿನ ಪುಸ್ತಕದ ಕಡತವೊಂದನ್ನು ಸರ್ವರಿನಿಂದ ನಕಲು ಮಾಡಿಕೊಳ್ಳಲು ಇಪ್ಪತ್ತು ಸೆಕೆಂಡು ಸಾಕಾಗಬೇಕು. ಆದರೆ ವೇಗವು ಸೆಕೆಂಡಿಗೆ 3 ಮೆಗಾಬೈಟಿಗೆ ಕುಸಿಯುತ್ತಿತ್ತು, ಇದ್ದಕ್ಕಿದ್ದಂತೆ 60ಕ್ಕೆ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು. ಅದೇ ಕಡತವನ್ನು ಸರ್ವರಿಗೆ ಹಿಂದಿರುಗಿಸುವಾಗ ಮಾತ್ರ ಪೂರ್ಣ ವೇಗ. ಕೇಬಲ್ ಬದಲಿಸಿದರೂ ಪೋರ್ಟ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಸರ್ವರಿನಲ್ಲೇ ಪ್ಯಾಕೆಟುಗಳನ್ನು ಹಿಡಿದು ನೋಡಿದಾಗ ಹೊರಹೋಗುವ ಪ್ರತಿಯೊಂದರ ಚೆಕ್‌ಸಮ್ಮೂ ತಪ್ಪೆಂದು ತೋರಿತು. ಸರ್ವರಿನ ಕಾರ್ಡಿನಲ್ಲಿ ಚೆಕ್‌ಸಮ್ ಆಫ್‌ಲೋಡನ್ನು ನಿಲ್ಲಿಸಿದೆ, ವೇಗ ಸರಿಹೋಯಿತು. ಆದ್ದರಿಂದ ಕೈಪಿಡಿಯಲ್ಲಿ “ಚೆಕ್‌ಸಮ್ಮಿನ ಹೊರೆ ಇಳಿಸಿದ್ದೇ ದೋಷಕ್ಕೆ ಕಾರಣ” ಎಂದು ಬರೆದಿದ್ದೇನೆ. ಈ ವಾಕ್ಯದ ಕನ್ನಡ ಸರಿಯಾಗಿದೆಯೇ? ‘ಚೆಕ್‌ಸಮ್’, ‘ಲಾರ್ಜ್ ಸೆಂಡ್’ ಇವಕ್ಕೆ ತಕ್ಕ ಪದಗಳಿವೆಯೇ?

ಮರುಪತ್ರ: ಮೈಸೂರಿನಿಂದ

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು, ತಂತ್ರಜ್ಞನಲ್ಲ. ಚೆಕ್‌ಸಮ್ಮಿಗೆ ‘ತಾಳೆಮೊತ್ತ’ ಎನ್ನಬಹುದು. ಲೆಕ್ಕದ ಪುಸ್ತಕವನ್ನು ‘ತಾಳೆ ನೋಡುವುದು’ ನಮ್ಮಲ್ಲಿ ದಿನನಿತ್ಯದ ಮಾತು. ಕಳುಹಿಸಿದವರು ಕೂಡಿಟ್ಟ ಮೊತ್ತಕ್ಕೂ ತಲುಪಿದವರು ಕೂಡಿದ ಮೊತ್ತಕ್ಕೂ ತಾಳೆಯಾಗಬೇಕೆಂಬ ಭಾವ ಅದರಲ್ಲೇ ಇದೆ. ಪುಸ್ತಕದ ಬೆನ್ನಮೇಲಿರುವ ಐಎಸ್‌ಬಿಎನ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದ್ದೇ ಅಲ್ಲವೇ? ನಾನು ಪ್ರಕಟಿಸಿದ ಒಂದು ಪುಸ್ತಕದಲ್ಲಿ ಆ ಅಂಕಿ ತಪ್ಪಾಗಿ ಅಚ್ಚಾಗಿ, ಅಂಗಡಿಯವರ ಯಂತ್ರ ಅದನ್ನು ಓದಲೇ ಇಲ್ಲ.

‘ಹೊರೆ ಇಳಿಸು’ ಬೇಡ. ಹಳೆಯ ದಾರಿಗಳ ಬದಿಯಲ್ಲಿ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಹೊರೆ ಕಲ್ಲಿನ ಮೇಲೆ ಕೂತಿರುತ್ತದೆ, ಮುಂದೆ ಸಾಗುವುದಿಲ್ಲ. ನೀವು ಹೇಳುವಲ್ಲಿ ಇನ್ನೊಬ್ಬರು ಅದನ್ನು ಹೊತ್ತು ನಡೆಯುತ್ತಿದ್ದಾರೆ. ಉತ್ಸವಮೂರ್ತಿಯನ್ನು ಹೊರುವವರು ‘ಹೆಗಲು ಬದಲಿಸುವ’ ಹಾಗೆ. ಬರಹಕ್ಕೆ ‘ವಹಿಸಿಕೊಡು’ ಎಂಬುದೇ ಸಾಕು. ‘ಲಾರ್ಜ್ ಸೆಂಡ್’ ಎಂದರೆ ದೊಡ್ಡ ಕಡತಗಳನ್ನು ಕಳುಹಿಸುವುದು ತಾನೇ? ‘ಹಿರಿರವಾನೆ’ ಎನ್ನಿ.

ಮರುಪತ್ರ: ಮಂಗಳೂರಿನಿಂದ

ಗುರುಗಳೇ, ಕಡತ ದೊಡ್ಡದಲ್ಲ, ಪ್ಯಾಕೆಟ್ ದೊಡ್ಡದು. ನಾನು ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. ಈ ಸೆಟ್ಟಿಂಗ್ ಚಾಲೂ ಇದ್ದಾಗ, ಪ್ಯಾಕೆಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ 4434 ಬೈಟಿನ ಪ್ಯಾಕೆಟುಗಳು ಹೊರಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಸಾಮಾನ್ಯ ಸ್ವಿಚ್ ಅಷ್ಟು ದೊಡ್ಡದನ್ನು ಒಯ್ಯಲಾರದೆ ಬಿಸಾಡುತ್ತದೆ, ಅದರಿಂದಲೇ ವೇಗ ಬೀಳುತ್ತದೆ. ಆದ್ದರಿಂದ ‘ದೊಡ್ಡ ಪ್ಯಾಕೆಟ್ ರವಾನೆ’ ಎಂದರೆ ಅರ್ಥ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯವರು ಸ್ವಿಚ್‌ನಲ್ಲಿ ದೊಡ್ಡ ಪ್ಯಾಕೆಟುಗಳನ್ನು ಬಿಟ್ಟುಕೊಡುವ ಜಂಬೋ ಫ್ರೇಮ್ ತೆರೆದರೆ ಸಮಸ್ಯೆಯೇ ಇರುವುದಿಲ್ಲ.

ಮರುಪತ್ರ: ಬೆಂಗಳೂರಿನಿಂದ

ನೆಟ್‌ವರ್ಕ್ ಕಾರ್ಡುಗಳ ಡ್ರೈವರ್ ಬರೆಯುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಪದ ಆರಿಸುವ ಮುನ್ನ ಎರಡು ವಿಷಯ ತಿಳಿಯಾಗಬೇಕು, ಇಲ್ಲದಿದ್ದರೆ ತಪ್ಪು ಅರ್ಥ ಪದದೊಳಗೇ ಕೂತುಬಿಡುತ್ತದೆ.

ಮಂಗಳೂರಿನವರು ಕಂಡ 4434 ನಿಜ. ಆದರೆ ಅದು ತಂತಿಯ ಮೇಲೆ ಹೋಗಲಿಲ್ಲ. 1460 ಬೈಟಿನ ಮೂರು ತುಂಡುಗಳು ಸೇರಿ 4380, ಅದಕ್ಕೆ 54 ಬೈಟಿನ ಒಂದೇ ತಲೆಬರಹ. ಅಷ್ಟೇ ಆ ಸಂಖ್ಯೆ. ವೈರ್‌ಶಾರ್ಕ್ ಹಿಡಿದದ್ದು ಆಪರೇಟಿಂಗ್ ಸಿಸ್ಟಮ್ ಕಾರ್ಡಿನ ಕೈಗೆ ಕೊಟ್ಟ ಪ್ರತಿಯನ್ನು. ಕಾರ್ಡು ಅದನ್ನು ಮೂರಾಗಿ ಕತ್ತರಿಸಿ, ಒಂದೊಂದಕ್ಕೂ ತಲೆಬರಹ ಅಂಟಿಸಿ, ಕ್ರಮಸಂಖ್ಯೆಯನ್ನು ಮುಂದಕ್ಕೆ ಏರಿಸಿ, ತಾಳೆಮೊತ್ತವನ್ನು ಹೊಸದಾಗಿ ಲೆಕ್ಕಹಾಕಿ ಹೊರಗೆ ಬಿಡುತ್ತದೆ. ಹೀಗೆ ಸುಮಾರು 64 ಕಿಲೋಬೈಟಿನ ಒಂದೇ ಗಡ್ಡೆಯನ್ನು ಕೊಟ್ಟು ನಲವತ್ತಕ್ಕೂ ಹೆಚ್ಚು ತುಂಡು ಮಾಡಿಸಬಹುದು. ಸ್ವಿಚ್ ಕಾಣುವುದು ಮಾಮೂಲಿ ತುಂಡುಗಳನ್ನೇ, ಜಂಬೋ ಫ್ರೇಮಿಗೂ ಇದಕ್ಕೂ ಸಂಬಂಧವಿಲ್ಲ.

ಹುಬ್ಬಳ್ಳಿಯವರ ‘ತಪ್ಪು ಚೆಕ್‌ಸಮ್’ ಕೂಡ ಇದೇ ಬಗೆಯದು. ತಾಳೆಮೊತ್ತವನ್ನು ಕಾರ್ಡು ತುಂಬುವುದಾದರೆ, ಅದಕ್ಕೂ ಮುಂಚೆ ಹಿಡಿದ ಪ್ರತಿಯಲ್ಲಿ ಆ ಜಾಗದಲ್ಲಿ ಪೂರ್ಣ ಮೊತ್ತ ಇರುವುದೇ ಇಲ್ಲ. ಕಾರ್ಡು ಆರೋಗ್ಯವಾಗಿದ್ದಾಗಲೂ ಕಳುಹಿಸುವ ಯಂತ್ರದಲ್ಲಿ ಹಾಗೆಯೇ ಕಾಣುತ್ತದೆ. ಅದು ಸಾಕ್ಷ್ಯವಲ್ಲ. ಸ್ವಿಚ್‌ನ ಒಂದು ಪೋರ್ಟಿನ ಸಂಚಾರವನ್ನು ಇನ್ನೊಂದು ಪೋರ್ಟಿಗೆ ಪ್ರತಿಬಿಂಬಿಸಿ, ಮೂರನೆಯ ಯಂತ್ರದಲ್ಲಿ ಹಿಡಿದು ನೋಡಿ. ಅಲ್ಲಿಯೂ ತಪ್ಪಿದ್ದರೆ ಅದು ನಿಜವಾದ ತಪ್ಪು. ವೈರ್‌ಶಾರ್ಕ್ ತಾನಾಗಿಯೇ ಟಿಸಿಪಿ ತಾಳೆ ನೋಡುವುದಿಲ್ಲ, ಆ ಆಯ್ಕೆಯನ್ನು ನೀವೇ ತೆರೆಯಬೇಕು.

“ಚೆಕ್‌ಸಮ್ ನಿಲ್ಲಿಸಿದೆ, ಸರಿಹೋಯಿತು” ಎಂದಿದ್ದೀರಿ. ಆಗ ಪರದೆಯ ಮೇಲೆ ಏನು ಬಂದಿತ್ತೆಂದು ದಯವಿಟ್ಟು ಮತ್ತೆ ನೋಡಿ. ಬಹುತೇಕ ಹೀಗಿರುತ್ತದೆ:

```
# ethtool -K eth0 tx off
Actual changes:
tx-checksum-ip-generic: off
tx-tcp-segmentation: off [not requested]
```

ಕೊನೆಯ ಸಾಲು ನೀವು ಕೇಳದೆಯೇ ಆದ ಬದಲಾವಣೆ. ತುಂಡರಿಸುವ ಕಾರ್ಡು ಪ್ರತಿ ತುಂಡಿಗೂ ತಾಳೆಮೊತ್ತ ಹಾಕಲೇಬೇಕಾದ್ದರಿಂದ, ಮೊತ್ತದ ಕೆಲಸವನ್ನು ಅದರಿಂದ ಕಿತ್ತುಕೊಂಡರೆ ತುಂಡರಿಸುವ ಕೆಲಸವನ್ನೂ ಲಿನಕ್ಸ್ ಹಿಂದಕ್ಕೆ ಪಡೆಯುತ್ತದೆ. ಅಂದರೆ ನೀವು ಒಂದನ್ನಲ್ಲ, ಎರಡನ್ನು ನಿಲ್ಲಿಸಿದ್ದೀರಿ. ಯಾವುದರಿಂದ ಗುಣವಾಯಿತೆಂದು ಇದರಿಂದ ಹೇಳಲಾಗದು. `tx on` ಮಾಡಿ, ತುಂಡರಿಸುವ ಕೆಲಸವನ್ನಷ್ಟೇ ಕಾರ್ಡಿನಿಂದ ಹಿಂಪಡೆಯುವ `tso off` ಮಾತ್ರ ಮಾಡಿ ಅಳೆಯಿರಿ. ವೇಗ ಪೂರ್ಣವಾಗಿ ಉಳಿದರೆ ತುಂಡರಿಸುವಲ್ಲೇ ದೋಷ. `gso` ಚಾಲೂ ಇರಲಿ. ಆಗ ತುಂಡರಿಸುವ ಕೆಲಸ ಡ್ರೈವರಿಗೆ ಕೊಡುವ ಕೊನೆಯ ಗಳಿಗೆಯಲ್ಲಿ ಕರ್ನಲ್‌ನಲ್ಲೇ ನಡೆಯುವುದರಿಂದ ಸಿಪಿಯುಗೆ ಆಗುವ ನಷ್ಟ ಅಷ್ಟು ದೊಡ್ಡದಲ್ಲ.

ವೇಗ ಪೂರ್ತಿ ನಿಲ್ಲದೆ ಏರಿಳಿಯುವುದಕ್ಕೂ ಕಾರಣ ಇಲ್ಲೇ ಇದೆ. ಗಡ್ಡೆಯಿಂದ ಕತ್ತರಿಸಿದ ತುಂಡು ಕೆಟ್ಟು ತಲುಪಿದರೆ ಎದುರಿನ ಯಂತ್ರ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಮರಳಿ ಕಳುಹಿಸುವ ತುಂಡು ಸಾಮಾನ್ಯವಾಗಿ ಒಂಟಿಯಾಗಿ ಹೋಗುತ್ತದೆ, ಒಂಟಿ ತುಂಡನ್ನು ಕತ್ತರಿಸುವ ಕೆಲಸವಿಲ್ಲದ್ದರಿಂದ ಅದು ಸರಿಯಾಗಿ ತಲುಪುತ್ತದೆ. ನಷ್ಟವಾಯಿತೆಂದು ಟಿಸಿಪಿ ವೇಗ ತಗ್ಗಿಸುತ್ತದೆ, ತುಂಡುಗಳು ಸಲೀಸಾಗಿ ತಲುಪುತ್ತವೆ, ಧೈರ್ಯ ಬಂದು ಮತ್ತೆ ದೊಡ್ಡ ಗಡ್ಡೆ ಕೊಡುತ್ತದೆ, ಮತ್ತೆ ಕೆಡುತ್ತದೆ. ಸರ್ವರಿನಿಂದ ಹೊರಡುವ ದಿಕ್ಕಿನಲ್ಲಿ ಮಾತ್ರ ಹೀಗಾಗುವುದು ಸಹಜ, ಏಕೆಂದರೆ ಈ ಸೆಟ್ಟಿಂಗ್ ಕಳುಹಿಸುವವರದ್ದು.

ಇನ್ನು ಪದ. ವಿಂಡೋಸ್‌ನ ಹೆಸರು ಕಾರ್ಡಿಗೆ ಕೊಡುವ ವಸ್ತು ದೊಡ್ಡದೆಂದು ಹೇಳುತ್ತದೆ. ಲಿನಕ್ಸ್‌ನ `segmentation` ಕಾರ್ಡು ಮಾಡುವ ಕೆಲಸವನ್ನು ಹೇಳುತ್ತದೆ. ಒಂದೇ ಕೆಲಸಕ್ಕೆ ಎರಡು ದಿಕ್ಕಿನ ಹೆಸರು. ‘ದೊಡ್ಡ’ ಎಂಬುದನ್ನು ಕನ್ನಡಕ್ಕೆ ತಂದರೆ ಮೇಲಿನ ಎರಡು ಪತ್ರಗಳಲ್ಲಿ ಆದ ಗೊಂದಲ ಎಲ್ಲರಿಗೂ ಆಗುತ್ತದೆ. ‘ತುಂಡರಿಕೆಯನ್ನು ಕಾರ್ಡಿಗೆ ವಹಿಸುವುದು’ ಎಂಬುದೇ ನನ್ನ ಆಯ್ಕೆ.

ಮರುಪತ್ರ: ಶಿವಮೊಗ್ಗದಿಂದ

ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಇದೇ ಲಕ್ಷಣವಿತ್ತು, `tso off` ಮಾಡಿದರೆ ಗುಣವಾಗುತ್ತಿತ್ತು, ಆದರೆ ಕಾರ್ಡಿನಲ್ಲಿ ಯಾವ ತಪ್ಪೂ ಇರಲಿಲ್ಲ. ಸರ್ವರ್ 1 ಗಿಗಾಬಿಟ್‌ನಲ್ಲಿ, ಹಳೆಯ ಯಂತ್ರಗಳು 100 ಮೆಗಾಬಿಟ್‌ನಲ್ಲಿ. 64 ಕಿಲೋಬೈಟಿನ ಗಡ್ಡೆಯ ತುಂಡುಗಳನ್ನು ಕಾರ್ಡು ಒಂದರ ಬೆನ್ನಿಗೊಂದು ಅರ್ಧ ಮಿಲಿಸೆಕೆಂಡಿನಲ್ಲಿ ಸುರಿಯುತ್ತದೆ, ಸ್ವಿಚ್ ಅವನ್ನು ಆಚೆ ದಾಟಿಸಲು ಐದು ಮಿಲಿಸೆಕೆಂಡು ಬೇಕು. ಚಿಕ್ಕ ಸ್ವಿಚ್‌ನ ಬಫರ್ ತುಂಬಿ ಉಳಿದವು ಚೆಲ್ಲಿಹೋಗುತ್ತಿದ್ದವು. ಪ್ರತಿಬಿಂಬಿಸಿದ ಪೋರ್ಟಿನಲ್ಲಿ ನೋಡಿದರೆ ಬಂದ ತುಂಡುಗಳ ತಾಳೆಮೊತ್ತ ಎಲ್ಲವೂ ಸರಿ, ಉಳಿದ ತುಂಡುಗಳೇ ಇಲ್ಲ. 2013ರ ಲಿನಕ್ಸ್ 3.12ರಿಂದ ಗಡ್ಡೆಯ ಗಾತ್ರವನ್ನು ವೇಗಕ್ಕೆ ತಕ್ಕಂತೆ ತಗ್ಗಿಸುವ ಏರ್ಪಾಡು ಬಂದಿದೆ, ನಮ್ಮದು ಅದಕ್ಕಿಂತ ಹಳೆಯದಾಗಿತ್ತು. ಹಾಗಾಗಿ ಕೈಪಿಡಿಯಲ್ಲಿ ‘ದೋಷ’ ಎಂದು ಬರೆಯುವ ಮುನ್ನ ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಮುದ್ರಣ ನಿಂತ ಮೇಲೆ ಹೇಳಿದಂತೆಯೇ ಮಾಡಿದೆ. ಪರದೆಯ ಮೇಲೆ `[not requested]` ಎಂಬ ಸಾಲು ನಿಜವಾಗಿಯೂ ಇತ್ತು. ಮೊದಲ ಸಲ ನಾನು ಅದನ್ನು ಓದಿರಲಿಲ್ಲ. ತಾಳೆಮೊತ್ತ ಕಾರ್ಡಿನಲ್ಲೇ ಇದ್ದು ತುಂಡರಿಕೆ ಮಾತ್ರ ನಿಂತಾಗ ಇಡೀ ಕಡತ ಹತ್ತೊಂಬತ್ತು ಸೆಕೆಂಡಿನಲ್ಲಿ ಬಂತು. ಮತ್ತೆ ತುಂಡರಿಕೆ ಚಾಲೂ ಮಾಡಿ, ಪ್ರತಿಬಿಂಬಿಸಿದ ಪೋರ್ಟಿನಲ್ಲಿ ಹಿಡಿದು ನೋಡಿದೆ. ಪ್ರತಿ ಗಡ್ಡೆಯ ಮೊದಲ ತುಂಡುಗಳೆಲ್ಲ ಸರಿಯಿದ್ದವು. 1460ಕ್ಕಿಂತ ಚಿಕ್ಕದಾದ ಕೊನೆಯ ತುಂಡು ಬಂದಾಗಲೆಲ್ಲ ಅದರ ತಾಳೆಮೊತ್ತ ತಪ್ಪಿತ್ತು. ಆದ್ದರಿಂದ ನಮ್ಮದು ಶಿವಮೊಗ್ಗದ ಪ್ರಕರಣವಲ್ಲ. ಡ್ರೈವರಿನ ಹೊಸ ಆವೃತ್ತಿ ಸಿಗುವವರೆಗೆ `tso off` ಇರುತ್ತದೆ.

ಕೈಪಿಡಿಯ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “ತುಂಡರಿಕೆಯನ್ನು ಕಾರ್ಡಿಗೆ ವಹಿಸಿದಾಗ, ಕೊನೆಯ ತುಂಡಿಗೆ ಅದು ತಪ್ಪು ತಾಳೆಮೊತ್ತ ಹಾಕುತ್ತಿದೆ.” ‘ವಹಿಸು’, ‘ತಾಳೆಮೊತ್ತ’ ಎರಡನ್ನೂ ಒಪ್ಪಿಕೊಂಡಿದ್ದೇನೆ. ‘ತುಂಡರಿಕೆ’ಯ ಬಗ್ಗೆ ಮಾತ್ರ ಕರಡು ತಿದ್ದುವ ಹಿರಿಯರು ಇನ್ನೂ ಒಪ್ಪಿಲ್ಲ. ತುಂಡರಿಸಿದ್ದು ಮತ್ತೆ ಕೂಡುವುದಿಲ್ಲ ಎಂಬ ಛಾಯೆ ಆ ಪದಕ್ಕಿದೆ, ಇಲ್ಲಿಯೋ ಆಚೆ ಬದಿಯಲ್ಲಿ ಎಲ್ಲವೂ ಕ್ರಮವಾಗಿ ಕೂಡಿಕೊಳ್ಳುತ್ತದೆ ಎನ್ನುತ್ತಾರೆ ಅವರು. ‘ಕಂತು ಮಾಡುವುದು’ ಎಂದರೆ ಹೇಗೆ ಎಂದು ಅವರ ಪ್ರಶ್ನೆ. ಮೈಸೂರಿನ ಗುರುಗಳ ಅಭಿಪ್ರಾಯವನ್ನು ಕಾಯುತ್ತಿದ್ದೇನೆ.